ಮೊದಲ ಒಂದು ಗಂಟೆ: ಡ್ರಿಪ್ ಎಷ್ಟು, ನಾರ್‌ಅಡ್ರಿನಲಿನ್ ಯಾವಾಗ?

ರಾತ್ರಿ 9 ಗಂಟೆ 10 ನಿಮಿಷಕ್ಕೆ 62 ವರ್ಷದ ಒಬ್ಬ ಅಮ್ಮನನ್ನು ಎಮರ್ಜೆನ್ಸಿಗೆ ಕರೆತಂದರು. ಸಕ್ಕರೆ ಕಾಯಿಲೆ ಇತ್ತು, ತೂಕ ಸುಮಾರು 60 ಕೆಜಿ. ಎರಡು ದಿನದಿಂದ ಉರಿ ಮೂತ್ರ, ಬಲ ಪಕ್ಕೆಯಲ್ಲಿ ನೋವು. ಬಿ.ಪಿ. 104/48. ಜ್ವರ ಇಲ್ಲ, 36.4 ಡಿಗ್ರಿ. ಚೀಟಿಯಲ್ಲಿ "ಮೂತ್ರದ ಸೋಂಕು, ಸ್ಥಿರ" ಎಂದು ಬರೆದು ಸಾಲಿನಲ್ಲಿ ಕೂರಿಸಿದ್ದರು.

ಅವರ ಮಗಳು ನನ್ನ ಹತ್ತಿರ ಬಂದು ಹೇಳಿದ್ದು ಒಂದೇ ಮಾತು: "ಡಾಕ್ಟ್ರೇ, ಅಮ್ಮ ಇವತ್ತು ಅಮ್ಮನ ಹಾಗೆ ಇಲ್ಲ. ಕೇಳಿದ್ದಕ್ಕೆ ಏನೇನೋ ಹೇಳ್ತಾರೆ."

ಇಂಥ ಮಾತು ಕಿವಿಗೆ ಬಿದ್ದರೆ ನಾನು ಮೊದಲು ಉಸಿರು ಎಣಿಸುತ್ತೇನೆ. ಪೂರ್ತಿ ಒಂದು ನಿಮಿಷ, ಗಡಿಯಾರ ನೋಡಿಕೊಂಡು. ಚೀಟಿಯಲ್ಲಿ 18 ಎಂದಿತ್ತು. ನಾನು ಎಣಿಸಿದಾಗ 28. ಸುಮ್ನೆ ಅಂದಾಜಿಗೆ 18 ಅಥವಾ 20 ಬರೆಯುವ ಅಭ್ಯಾಸ ಬಹಳ ಕಡೆ ಇದೆ. ಸೆಪ್ಸಿಸ್, ಅಂದರೆ ಸೋಂಕು ಅಂಗಾಂಗಗಳಿಗೇ ಪೆಟ್ಟು ಕೊಡುವ ಸ್ಥಿತಿ, ಕೈತಪ್ಪಿ ಹೋಗುವುದು ಹೆಚ್ಚಾಗಿ ಇಲ್ಲೇ. ರಕ್ತದಲ್ಲಿ ಆಮ್ಲ ಏರತೊಡಗಿದರೆ ದೇಹ ಜೋರಾಗಿ ಉಸಿರಾಡಿ ಅದನ್ನು ಸರಿದೂಗಿಸಲು ನೋಡುತ್ತದೆ. ಬಿ.ಪಿ. ಬೀಳುವ ಎಷ್ಟೋ ಹೊತ್ತಿಗೆ ಮೊದಲೇ ಉಸಿರು ಏರಿರುತ್ತದೆ, ಗೊಂದಲವೂ ಶುರುವಾಗಿರುತ್ತದೆ. ಜ್ವರ ಇಲ್ಲ ಎಂಬುದು ಸಮಾಧಾನ ಪಡುವ ವಿಷಯವಲ್ಲ. ವಯಸ್ಸಾದವರಲ್ಲಿ ದೊಡ್ಡ ಸೋಂಕಿದ್ದರೂ ಮೈ ತಣ್ಣಗಿರಬಹುದು.

ನಾಡಿ 114. ಬೆರಳಿನ ತುದಿಯನ್ನು 10 ಸೆಕೆಂಡ್ ಗಟ್ಟಿಯಾಗಿ ಒತ್ತಿ ಬಿಟ್ಟೆ. ಬಣ್ಣ ಮರಳಲು 5 ಸೆಕೆಂಡ್ ಬೇಕಾಯಿತು. 3 ಸೆಕೆಂಡ್ ದಾಟಿದರೆ ಚರ್ಮಕ್ಕೆ ರಕ್ತ ಸರಿಯಾಗಿ ತಲುಪುತ್ತಿಲ್ಲ ಎಂದರ್ಥ. ಯಂತ್ರ ಬೇಡ, ಖರ್ಚಿಲ್ಲ, ಹತ್ತು ನಿಮಿಷಕ್ಕೊಮ್ಮೆ ಮತ್ತೆ ನೋಡಬಹುದು. ಮೇಲಿನ ಬಿ.ಪಿ. 104 ಇದ್ದರೂ ಇವರು ಷಾಕ್‌ನ ಬಾಗಿಲಲ್ಲಿ, ಅಂದರೆ ಅಂಗಗಳಿಗೆ ರಕ್ತ ಸಾಲದೆ ಹೋಗುವ ಹಂತದಲ್ಲಿ, ನಿಂತಿದ್ದಾರೆ ಎಂದು ನನಗೆ ಆಗಲೇ ಅನಿಸಿತು.

9:20ಕ್ಕೆ ರಕ್ತದ ಲ್ಯಾಕ್ಟೇಟ್ ಬಂತು: 4.4. ಅಂಗಗಳಿಗೆ ರಕ್ತ ಸಾಲದಾಗ ಏರುವ ಅಂಶ ಇದು. 2ಕ್ಕಿಂತ ಜಾಸ್ತಿ ಇದ್ದರೆ ಮತ್ತೆ ಪರೀಕ್ಷಿಸಬೇಕು. 4 ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಬಿ.ಪಿ. ಸರಿ ಇದ್ದರೂ ಡ್ರಿಪ್ ಶುರುಮಾಡಬೇಕು. ಇವರು ಮೆಟ್‌ಫಾರ್ಮಿನ್ ತೆಗೆದುಕೊಳ್ಳುತ್ತಿದ್ದರು. ಅದರಿಂದಲೂ ಲ್ಯಾಕ್ಟೇಟ್ ಏರಬಹುದು. ಆದರೆ ಉಸಿರು, ಗೊಂದಲ, ಬೆರಳು ಮೂರೂ ಒಂದೇ ಕಥೆ ಹೇಳುತ್ತಿರುವಾಗ ಮಾತ್ರೆಯ ಮೇಲೆ ತಪ್ಪು ಹೊರಿಸಿ ಕೂರಲು ಆಗುವುದಿಲ್ಲ, ಅಲ್ವಾ?

ಎರಡು ಬೇರೆ ಬೇರೆ ಜಾಗದಿಂದ ಬ್ಲಡ್ ಕಲ್ಚರ್ ತೆಗೆದೆವು. ದೊಡ್ಡವರಿಗೆ ಒಂದು ಬಾಟಲಿಗೆ 8ರಿಂದ 10 ಮಿಲಿ ರಕ್ತ ಬೇಕು. 2 ಮಿಲಿ ಹಾಕಿ ಕಳಿಸಿದರೆ ರೋಗಾಣು ಬೆಳೆಯದೆ ಹೋಗುವ ಸಾಧ್ಯತೆ ಜಾಸ್ತಿ. ಮೂತ್ರದ ಕಲ್ಚರ್ ಕೂಡ ಕಳಿಸಿದೆವು. ಕಲ್ಚರ್ ಆದಮೇಲೆ ಆ್ಯಂಟಿಬಯೋಟಿಕ್ ಎಂಬ ಕ್ರಮ ಸರಿಯೇ. ಆದರೆ ರಕ್ತನಾಳ ಸಿಗುತ್ತಿಲ್ಲ ಎಂದು ಅರ್ಧ ಗಂಟೆ ಹುಡುಕುತ್ತಾ ಕೂರಬಾರದು, ಔಷಧಿ ಕೊಟ್ಟುಬಿಡಬೇಕು. ಎರಡು ತಿಂಗಳ ಹಿಂದಿನ ಮೂತ್ರದ ವರದಿಯನ್ನು ಮಗಳು ಚೀಲದಲ್ಲೇ ತಂದಿದ್ದರು. ಸಾಮಾನ್ಯ ಔಷಧಿಗಳಿಗೆ ಬಗ್ಗದ ಇ. ಕೋಲೈ ಎಂದಿತ್ತು. ಹಾಗಾಗಿ ಮೆರೋಪೆನಮ್ 1 ಗ್ರಾಂ ಅನ್ನು 5 ನಿಮಿಷದಲ್ಲಿ ನೇರವಾಗಿ ರಕ್ತನಾಳಕ್ಕೆ ಕೊಟ್ಟೆವು. ಆಗ 9:32. ಕಿಡ್ನಿ ಸೋತಿರಬಹುದು ಎಂದು ಮೊದಲ ಡೋಸನ್ನು ಅರ್ಧ ಮಾಡುವವರಿದ್ದಾರೆ. ಅದು ತಪ್ಪು. ಮೊದಲ ಡೋಸ್ ಯಾವಾಗಲೂ ಪೂರ್ತಿ. ಕಿಡ್ನಿ ನೋಡಿ ಇಳಿಸುವುದೇನಿದ್ದರೂ ಮುಂದಿನ ಡೋಸ್‌ಗಳಲ್ಲಿ.

ಇನ್ನು ಡ್ರಿಪ್. ನಾನು ಹೆಚ್ಚು ಹೇಳಬೇಕೆಂದಿರುವುದು ಇದನ್ನೇ.

ಬಹಳ ವರ್ಷಗಳ ಹಿಂದೆ, ಕಲಿಯುವ ದಿನಗಳಲ್ಲಿ, ಹೀಗೇ ಬಂದ ಒಬ್ಬ ರೋಗಿಗೆ ನಾನು ರಾತ್ರಿಯಿಡೀ ಡ್ರಿಪ್ ಹಾಕಿದ್ದೆ. ಬಿ.ಪಿ. ಇಳಿದಾಗಲೆಲ್ಲ ಇನ್ನೊಂದು ಬಾಟಲಿ. "ಟ್ಯಾಂಕ್ ತುಂಬಿದಮೇಲೆ ನಾರ್‌ಅಡ್" ಎಂದು ನಮಗೆ ಹೇಳಿಕೊಟ್ಟಿದ್ದರು. ನಾರ್‌ಅಡ್ ಅಂದರೆ ನಾರ್‌ಅಡ್ರಿನಲಿನ್, ರಕ್ತನಾಳ ಬಿಗಿಗೊಳಿಸಿ ಬಿ.ಪಿ. ಏರಿಸುವ ಔಷಧಿ. ಕುತ್ತಿಗೆಯ ದೊಡ್ಡ ರಕ್ತನಾಳಕ್ಕೆ ಹಾಕುವ ಸೆಂಟ್ರಲ್ ಲೈನ್ ಇಲ್ಲದೆ ಅದನ್ನು ಶುರುಮಾಡಲೇಬಾರದು ಎಂದೂ ಹೇಳಿದ್ದರು. 5 ಲೀಟರ್ ಒಳಗೆ ಹೋಗಿತ್ತು. ಬೆಳಗ್ಗೆ ಅವರ ಶ್ವಾಸಕೋಶದಲ್ಲಿ ನೀರು ತುಂಬಿ ವೆಂಟಿಲೇಟರ್ ಹಾಕಬೇಕಾಯಿತು. ಬಿ.ಪಿ. ಮಾತ್ರ ಇದ್ದಲ್ಲೇ ಇತ್ತು. ಅವರು ಉಳಿಯಲಿಲ್ಲ. ಆ ರಾತ್ರಿ ಬಿ.ಪಿ.ಯ ಕೆಳಗಿನ ಅಂಕಿಯನ್ನು ನಾನು ಒಮ್ಮೆಯೂ ಗಮನಿಸಿರಲಿಲ್ಲ.

ಮೇಲಿನ ಅಂಕಿ ಹೃದಯ ಎಷ್ಟು ರಕ್ತ ತಳ್ಳುತ್ತಿದೆ ಎಂಬುದನ್ನು ಹೆಚ್ಚು ತೋರಿಸುತ್ತದೆ. ಕೆಳಗಿನ ಅಂಕಿ ರಕ್ತನಾಳ ಎಷ್ಟು ಬಿಗಿಯಾಗಿದೆ ಎಂಬುದನ್ನು. ನಾಡಿ ಜೋರಾಗಿ ಓಡುತ್ತಿದ್ದೂ ಕೆಳಗಿನ ಅಂಕಿ 40ರ ಆಸುಪಾಸಿನಲ್ಲಿದ್ದರೆ ರಕ್ತನಾಳಗಳು ಸಡಿಲಬಿಟ್ಟಿವೆ ಎಂದು ತಿಳಿಯಬೇಕು. ಅದು ನೀರಿನ ಕೊರತೆ ಮಾತ್ರ ಅಲ್ಲ. ಸಡಿಲವಾದ ಚೀಲಕ್ಕೆ ಎಷ್ಟು ನೀರು ಸುರಿದರೂ ಅದು ಹಿಗ್ಗುತ್ತದೆ, ಒಳಗೆ ಒತ್ತಡ ಹುಟ್ಟುವುದಿಲ್ಲ. ಸೆಪ್ಸಿಸ್‌ನಲ್ಲಿ ನಾಳಗಳ ಒಳಗೋಡೆಯೂ ಸೋರುತ್ತದೆ. ಹಾಕಿದ ಡ್ರಿಪ್‌ನ ಹೆಚ್ಚಿನ ಪಾಲು ಕೆಲವೇ ಗಂಟೆಗಳಲ್ಲಿ ನಾಳ ಬಿಟ್ಟು ಶ್ವಾಸಕೋಶ, ಕರುಳು, ಕಿಡ್ನಿಯ ಸುತ್ತ ಊತವಾಗಿ ನಿಲ್ಲುತ್ತದೆ.

ಹಾಗೆಂದು ಡ್ರಿಪ್ ಬೇಡ ಎಂದಲ್ಲ. ಈ ಅಮ್ಮ ಎರಡು ದಿನದಿಂದ ಸರಿಯಾಗಿ ಊಟ ಮಾಡಿರಲಿಲ್ಲ, ನೀರು ಕುಡಿದಿರಲಿಲ್ಲ. ನಿಜವಾಗಿಯೂ ಒಣಗಿದ್ದರು. ಸೆಪ್ಸಿಸ್ ಚಿಕಿತ್ಸೆಯ ಅಂತರರಾಷ್ಟ್ರೀಯ ಮಾರ್ಗಸೂಚಿಯ ಪ್ರಕಾರ ಮೊದಲ 3 ಗಂಟೆಯಲ್ಲಿ ಕೆಜಿಗೆ 30 ಮಿಲಿ. ಅಂದರೆ 60 ಕೆಜಿಗೆ 1,800 ಮಿಲಿ. 2021ರ ಪರಿಷ್ಕರಣೆಯಲ್ಲಿ ಇದನ್ನು ಬಲವಾದ ಶಿಫಾರಸಿನಿಂದ ಸಲಹೆಯ ಮಟ್ಟಕ್ಕೆ ಇಳಿಸಿದ್ದಾರೆ. ನಾನು ಆ ಅಂಕಿಯನ್ನು ದಾರಿಗುರುತಿನ ಹಾಗೆ ಇಟ್ಟುಕೊಳ್ಳುತ್ತೇನೆ, ಒಂದೇ ಏಟಿಗೆ ಸುರಿಯುವುದಿಲ್ಲ. 500 ಮಿಲಿ ರಿಂಗರ್ ಲ್ಯಾಕ್ಟೇಟ್ 15ರಿಂದ 20 ನಿಮಿಷದಲ್ಲಿ, ಆಮೇಲೆ ಮತ್ತೆ ರೋಗಿಯನ್ನು ನೋಡುವುದು. ಹೃದಯ ದುರ್ಬಲ ಇರುವವರಿಗೆ, ಡಯಾಲಿಸಿಸ್‌ನಲ್ಲಿ ಇರುವವರಿಗೆ ಒಂದು ಸಲಕ್ಕೆ 250. (ಲ್ಯಾಕ್ಟೇಟ್ ಏರಿರುವವರಿಗೆ ರಿಂಗರ್ ಲ್ಯಾಕ್ಟೇಟ್ ಕೊಡಬಹುದಾ ಎಂದು ಜೂನಿಯರ್‌ಗಳು ಕೇಳುತ್ತಲೇ ಇರುತ್ತಾರೆ. ಕೊಡಬಹುದು. ಅದರಲ್ಲಿರುವುದನ್ನು ಲಿವರ್ ಬಳಸಿಕೊಳ್ಳುತ್ತದೆ.)

ಮೊದಲ 500 ಮುಗಿದಾಗ ಬಿ.ಪಿ. 96/42. ಎರಡನೆಯ 500 ಮುಗಿದಾಗ, 9:55ಕ್ಕೆ, 92/38. ಕೆಳಗಿನ ಅಂಕಿಯನ್ನು ಎರಡು ಪಟ್ಟು ಮಾಡಿ ಮೇಲಿನದಕ್ಕೆ ಕೂಡಿಸಿ ಮೂರರಿಂದ ಭಾಗಿಸಿದರೆ ಸರಾಸರಿ ಒತ್ತಡ ಸಿಗುತ್ತದೆ. ಇಲ್ಲಿ 56. ಬೇಕಾದದ್ದು 65. ಒಂದು ಲೀಟರ್ ಕೊಟ್ಟಮೇಲೂ ಕೆಳಗಿನ ಅಂಕಿ ಇಳಿಯುತ್ತಲೇ ಇತ್ತು.

"ಸರ್, ಇನ್ನೂ 800 ಬಾಕಿ ಇದೆ, ಮುಗಿಸೋಣ್ವಾ?" ಎಂದು ಜೂನಿಯರ್ ಕೇಳಿದರು.

"ಬಾಕಿ ಆಮೇಲೆ ನೋಡೋಣ. ಈಗ ನಾರ್‌ಅಡ್ ಶುರುಮಾಡಿ."

ಮೊಣಕೈ ಮಡಿಕೆಯಲ್ಲಿ 18 ಗೇಜ್ ಕ್ಯಾನುಲಾ ಚೆನ್ನಾಗಿ ಓಡುತ್ತಿತ್ತು. ಸೆಂಟ್ರಲ್ ಲೈನ್‌ಗಾಗಿ ಕಾಯಲಿಲ್ಲ. 4 ಮಿಲಿಗ್ರಾಂ ನಾರ್‌ಅಡ್ರಿನಲಿನ್ ಅನ್ನು ಒಟ್ಟು 50 ಮಿಲಿ ಆಗುವಂತೆ ಬೆರೆಸಿದರೆ ಒಂದು ಮಿಲಿಯಲ್ಲಿ 80 ಮೈಕ್ರೊಗ್ರಾಂ ಇರುತ್ತದೆ. ಕೆಜಿಗೆ ನಿಮಿಷಕ್ಕೆ 0.05 ಮೈಕ್ರೊಗ್ರಾಂ ಎಂದರೆ ಇವರಿಗೆ ನಿಮಿಷಕ್ಕೆ 3, ಗಂಟೆಗೆ 180. ಪಂಪಿನಲ್ಲಿ ಗಂಟೆಗೆ 2.25 ಮಿಲಿ. ಐದು ನಿಮಿಷ ನೋಡಿ 4.5ಕ್ಕೆ ಏರಿಸಿದೆವು. ಬಿ.ಪಿ. ಪಟ್ಟಿಯನ್ನು ಇನ್ನೊಂದು ತೋಳಿಗೆ ಕಟ್ಟಿದೆವು. ಅದೇ ತೋಳಿಗೆ ಕಟ್ಟಿದರೆ ಪಟ್ಟಿ ಉಬ್ಬಿದಾಗಲೆಲ್ಲ ಔಷಧಿ ನಿಂತು, ಬಿಟ್ಟಾಗ ಒಟ್ಟಿಗೆ ಒಳಗೆ ನುಗ್ಗುತ್ತದೆ. ಕ್ಯಾನುಲಾದ ಜಾಗವನ್ನು ಅರ್ಧ ಗಂಟೆಗೊಮ್ಮೆ ನೋಡಬೇಕು ಎಂದು ಸಿಸ್ಟರ್‌ಗೆ ಹೇಳಿದೆ. ಸುತ್ತಲಿನ ಚರ್ಮ ಬಿಳಿಚಿಕೊಂಡರೆ, ನೋವು ಅಥವಾ ಊತ ಬಂದರೆ ಔಷಧಿ ಹೊರಗೆ ಸೋರುತ್ತಿದೆ ಎಂದು ಅರ್ಥ. ತಕ್ಷಣ ಅಲ್ಲಿ ನಿಲ್ಲಿಸಿ ಬೇರೆ ನಾಳಕ್ಕೆ ಹಾಕಬೇಕು. ಇಲ್ಲದಿದ್ದರೆ ಚರ್ಮ ಸತ್ತುಹೋಗಬಹುದು. ಕೈಯ ಹಿಂಭಾಗದ ಸಣ್ಣ ನಾಳಕ್ಕೆ ನಾನು ಇದನ್ನು ಹಾಕಿಸುವುದಿಲ್ಲ.

ಹತ್ತು ನಿಮಿಷದಲ್ಲಿ ಬಿ.ಪಿ. 108/50, ಸರಾಸರಿ 69. ಬೆರಳಿನ ಬಣ್ಣ ಮರಳಲು ಈಗ 4 ಸೆಕೆಂಡ್. ನಾರ್‌ಅಡ್ ಅಪಧಮನಿಯನ್ನಷ್ಟೇ ಬಿಗಿಗೊಳಿಸುವುದಿಲ್ಲ. ಹಿಗ್ಗಿದ ಅಭಿಧಮನಿಗಳಲ್ಲಿ ಸುಮ್ಮನೆ ನಿಂತಿದ್ದ ರಕ್ತವನ್ನು ಹೃದಯದ ಕಡೆಗೆ ತಳ್ಳುತ್ತದೆ. ಹೊರಗಿನಿಂದ ಒಂದು ಹನಿ ಹಾಕದೆ ಒಳಗಿನ ರಕ್ತವೇ ಕೆಲಸಕ್ಕೆ ಬರುತ್ತದೆ. ಬೇಗ ಶುರುಮಾಡಿದರೆ ಕಡಿಮೆ ಡ್ರಿಪ್ ಸಾಕಾಗುವುದು ಇದಕ್ಕೇ.

ಬೆರಳು ಇನ್ನೂ ನಿಧಾನವಾಗಿತ್ತು. ಹಾಗಾದರೆ ಇನ್ನಷ್ಟು ಡ್ರಿಪ್ ಬೇಕಾ? ಊಹಿಸುವ ಬದಲು ಕಾಲೆತ್ತಿ ನೋಡಿದೆವು. ತಲೆಯ ಕಡೆ ಎತ್ತರಿಸಿದ್ದ ಮಂಚವನ್ನು ಚಪ್ಪಟೆ ಮಾಡಿ, ಕಾಲಿನ ಕಡೆಯನ್ನು 45 ಡಿಗ್ರಿ ಎತ್ತಿದೆವು. ಕಾಲಿನ ರಕ್ತ ಹೃದಯಕ್ಕೆ ಹರಿಯುತ್ತದೆ, ಇಳಿಸಿದರೆ ವಾಪಸ್ ಹೋಗುತ್ತದೆ. ವಾಪಸ್ ತೆಗೆಯಬಹುದಾದ ಡ್ರಿಪ್ ಇದೊಂದೇ. ಒಂದು ನಿಮಿಷದೊಳಗೆ ಎಕೋದಲ್ಲಿ ಹೃದಯದಿಂದ ಹೊರಡುವ ರಕ್ತದ ಅಳತೆ 14ರಿಂದ 17ಕ್ಕೆ ಏರಿತು. ಶೇಕಡ 10ರಿಂದ 15ಕ್ಕಿಂತ ಜಾಸ್ತಿ ಏರಿದರೆ ಡ್ರಿಪ್‌ನಿಂದ ಉಪಯೋಗ ಇದೆ ಎಂದು ತಿಳಿಯುತ್ತೇವೆ. ಇನ್ನೊಂದು 500 ಕೊಟ್ಟೆವು. ಮತ್ತೆ ಕಾಲೆತ್ತಿದಾಗ 17 ಹೆಚ್ಚುಕಡಿಮೆ ಅಲ್ಲೇ ಉಳಿಯಿತು. ಒಟ್ಟು 1,500ಕ್ಕೆ ನಿಲ್ಲಿಸಿದೆವು. ಉಳಿದ 300 ಮಿಲಿ ಲೆಕ್ಕ ಭರ್ತಿಗೆ ಮಾತ್ರ ಆಗುತ್ತಿತ್ತು, ಅವರಿಗೆ ಬೇಕಿರಲಿಲ್ಲ.

ಇಷ್ಟರ ನಡುವೆ ಪಕ್ಕೆ ನೋವನ್ನು ಮರೆಯುವ ಹಾಗಿರಲಿಲ್ಲ. 10:05ಕ್ಕೆ ಸ್ಕ್ಯಾನ್ ಮಾಡಿದಾಗ ಬಲ ಕಿಡ್ನಿ ಊದಿಕೊಂಡಿತ್ತು, ಮೂತ್ರನಾಳದಲ್ಲಿ ಕಲ್ಲು ಸಿಕ್ಕಿಕೊಂಡಿತ್ತು. ಮುಚ್ಚಿದ ಜಾಗದಲ್ಲಿ ಕೀವು ಕಟ್ಟಿಕೊಂಡಿದ್ದರೆ ಮೆರೋಪೆನಮ್ ಆಗಲಿ ನಾರ್‌ಅಡ್ ಆಗಲಿ ಗೆಲ್ಲುವುದಿಲ್ಲ. ಯೂರಾಲಜಿಯವರನ್ನು ಎಬ್ಬಿಸಿದೆ. 12:30ಕ್ಕೆ ಸ್ಟೆಂಟ್ ಹಾಕಿದರು, ಕೀವು ಬೆರೆತ ಮೂತ್ರ ಹೊರಬಂತು.

ಆಮೇಲಿನ ಒಂದು ಗಂಟೆ ಹೆದರಿಕೆಯದ್ದು. ಅಡ್ಡಿ ಬಿಡಿಸುವಾಗ ರೋಗಾಣುಗಳು ರಕ್ತಕ್ಕೆ ನುಗ್ಗಿ ಬಿ.ಪಿ. ಮತ್ತೆ ಬೀಳಬಹುದು. ಹಾಗೇ ಆಯಿತು. ನಾರ್‌ಅಡ್ 0.2ರವರೆಗೆ ಏರಿಸಬೇಕಾಯಿತು. 0.25 ಮುಟ್ಟಿದರೆ ಅದನ್ನೇ ಏರಿಸುತ್ತಾ ಹೋಗದೆ ನಿಮಿಷಕ್ಕೆ 0.03 ಯೂನಿಟ್ ವ್ಯಾಸೊಪ್ರೆಸಿನ್ ಎಂಬ ಬಿ.ಪಿ. ಏರಿಸುವ ಇನ್ನೊಂದು ಔಷಧಿ ಜೊತೆಗೂಡಿಸೋಣ ಎಂದು ಸಿರಿಂಜ್ ತುಂಬಿಸಿ ಇಟ್ಟಿದ್ದೆ. ಅದು ಬೇಕಾಗಲಿಲ್ಲ. 2 ಗಂಟೆಯಿಂದ ಒತ್ತಡ ತಾನಾಗಿಯೇ ನಿಲ್ಲತೊಡಗಿತು.

11:20ಕ್ಕೆ 3.1 ಇದ್ದ ಲ್ಯಾಕ್ಟೇಟ್ ಬೆಳಗ್ಗೆ 6ಕ್ಕೆ 1.6 ಆಗಿತ್ತು. ಮೂತ್ರ ಗಂಟೆಗೆ 40 ಮಿಲಿ ಬರುತ್ತಿತ್ತು. ಶ್ವಾಸಕೋಶ ಸ್ವಚ್ಛವಾಗಿತ್ತು, ಮೂಗಿನ ಆಕ್ಸಿಜನ್ ಕೂಡ ಬೇಕಿರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಪಂಪ್ ನಿಲ್ಲಿಸಿದೆವು. ಮೂರನೆಯ ದಿನ ಕಲ್ಚರ್‌ನಲ್ಲಿ ಅದೇ ಹಳೆಯ ಇ. ಕೋಲೈ ಬೆಳೆಯಿತು.

ಮಧ್ಯಾಹ್ನ ನಾನು ಮತ್ತೆ ಉಸಿರು ಎಣಿಸುತ್ತಾ ನಿಂತಿದ್ದಾಗ ಅವರು ಕಣ್ಣು ಬಿಟ್ಟು, "ಯಾಕಪ್ಪಾ, ಗಡಿಯಾರ ನೋಡ್ತಾ ನಿಂತಿದ್ದೀಯಾ, ಹೊತ್ತಾಯ್ತಾ?" ಎಂದು ಕೇಳಿದರು. ಉಸಿರು 16 ಇತ್ತು. ಮಗಳು ಅವರ ಕೈ ಹಿಡಿದುಕೊಂಡು, "ಈಗ ಅಮ್ಮ ಅಮ್ಮನ ಹಾಗೇ ಮಾತಾಡ್ತಿದ್ದಾರೆ" ಎಂದರು.