ಕೆಲಸ ಹಂಚುವ ಸಭೆಗೆ ಮುಂಚೆಯೇ ಹೇಳಿದೆ: ಇಂಟರ್ನ್‌ಶಿಪ್ ನಡುವೆ ಸೆಮಿಸ್ಟರ್ ಪರೀಕ್ಷೆ ಬರೆದ ಅನುಭವ

ಪರೀಕ್ಷೆ ಇದೆ ಎಂದು ಒಂದು ವಾರ ಮುಂಚೆ ಹೇಳಿದರೆ ಸಾಕು ಎಂದು ಇಂಟರ್ನ್‌ಶಿಪ್ ಮಾಡುವ ಬಹಳಷ್ಟು ವಿದ್ಯಾರ್ಥಿಗಳು ಅಂದುಕೊಂಡಿರುತ್ತಾರೆ. ರಜೆ ಕೊಡುವುದಕ್ಕೆ ಒಂದು ವಾರ ಸಾಕಾಗಬಹುದು. ನಮ್ಮ ಕೈಯಲ್ಲಿರುವ ಕೆಲಸವನ್ನು ಇನ್ನೊಬ್ಬರಿಗೆ ಹಂಚುವುದಕ್ಕೆ ಅಷ್ಟು ಸಾಲುವುದಿಲ್ಲ. ನಾನು ಕಂಪ್ಯೂಟರ್ ಸೈನ್ಸ್ ಓದುತ್ತಾ ವಾರಕ್ಕೆ 20 ಗಂಟೆ ಕೆಲಸ ಮಾಡುತ್ತಿದ್ದ ತಂಡದಲ್ಲಿ ಎರಡು ವಾರಕ್ಕೊಮ್ಮೆ, ಶುಕ್ರವಾರ ಮಧ್ಯಾಹ್ನ, ಮುಂದಿನ ಎರಡು ವಾರದ ಕೆಲಸ ಹಂಚುವ ಸಭೆ ನಡೆಯುತ್ತಿತ್ತು. ಅಲ್ಲಿ ಒಂದು ಕೆಲಸದ ಮುಂದೆ ಯಾರ ಹೆಸರು ಬೀಳುತ್ತದೋ ಅವರನ್ನು ನಂಬಿ ಉಳಿದವರು ತಮ್ಮ ಕೆಲಸ ಜೋಡಿಸಿಕೊಳ್ಳುತ್ತಿದ್ದರು. ಸಭೆ ಮುಗಿದ ಮೇಲೆ ಹೇಳಿದರೆ ಹತ್ತು ದಿನ ಮೊದಲೇ ಹೇಳಿದ್ದರೂ ಅದು ತಡವೇ. ಆದ್ದರಿಂದ ನಾನು ಪರೀಕ್ಷೆಯ ದಿನದಿಂದ ಹಿಂದಕ್ಕೆ ಎಣಿಸುವುದು ಬಿಟ್ಟು, ಪರೀಕ್ಷೆಯ ವಾರ ಯಾವ ಸಭೆಯ ಲೆಕ್ಕಕ್ಕೆ ಸೇರುತ್ತದೆ ಎಂದು ನೋಡಿದೆ. ಆ ಸಭೆಗಿಂತ ಎರಡು ದಿನ ಮೊದಲು ನನ್ನ ಮೇಲ್ವಿಚಾರಕಿಯಾಗಿದ್ದ ಮೇಡಂ ಕೈಗೆ ವಿಷಯ ಸೇರಬೇಕು ಎಂದು ಗಡುವು ಹಾಕಿಕೊಂಡೆ.

ಇಲ್ಲೊಂದು ತೊಡಕಿದೆ. ಕಾಲೇಜು ನಮಗೆ ದಿನಾಂಕಗಳನ್ನು ಒಟ್ಟಿಗೆ ಕೊಡುವುದಿಲ್ಲ. ಥಿಯರಿ ಪರೀಕ್ಷೆಯ ತಾತ್ಕಾಲಿಕ ವೇಳಾಪಟ್ಟಿ ಮೊದಲು ಬರುತ್ತದೆ, ಅಂತಿಮ ಪಟ್ಟಿ ಆಮೇಲೆ. ಪ್ರಾಕ್ಟಿಕಲ್ ಯಾವ ಬ್ಯಾಚಿಗೆ ಯಾವತ್ತು ಎನ್ನುವುದಂತೂ ಲ್ಯಾಬ್ ಬಾಗಿಲಿಗೆ ಚೀಟಿ ಅಂಟಿಸಿದಾಗಲೇ ಗೊತ್ತಾಗುವುದು. ಎಲ್ಲ ಖಚಿತವಾದ ಮೇಲೆ ಒಂದೇ ಸಲ ಹೇಳೋಣ ಎಂದು ಕಾಯುತ್ತ ಕುಳಿತರೆ ಸಭೆ ದಾಟಿಹೋಗುತ್ತದೆ. ಖಚಿತವಾಗದ್ದನ್ನು ಖಚಿತವಾಗಿಲ್ಲ ಎಂದೇ ಹೇಳಿ, ಅದು ಯಾವ ವ್ಯಾಪ್ತಿಯೊಳಗೆ ಬರುತ್ತದೆ ಎಂದು ಗುರುತಿಸಿ ಕೊಡುವುದೊಂದೇ ದಾರಿ.

ನನ್ನ ಸಂದರ್ಭ ಹೀಗಿತ್ತು. ತಾತ್ಕಾಲಿಕ ಪಟ್ಟಿಯ ಪ್ರಕಾರ ಮುಂದಿನ ತಿಂಗಳ 12, 17, 20, 25 ಮತ್ತು 28ರಂದು ಐದು ಥಿಯರಿ ಪತ್ರಿಕೆಗಳು. ಅದಕ್ಕೂ ಮುಂಚೆ, 3ರಿಂದ 7ರ ವಾರದಲ್ಲಿ ಎರಡು ಪ್ರಾಕ್ಟಿಕಲ್; ಯಾವ ದಿನ ಎಂದು ಗೊತ್ತಿಲ್ಲ. ಇಂಟರ್ನ್‌ಶಿಪ್ಪಿನಲ್ಲಿ ನನ್ನ ಪಾಲಿಗೆ ಎರಡು ಕೆಲಸಗಳಿದ್ದವು. ಬಳಕೆದಾರರಿಂದ ಬಂದ ದೂರುಗಳನ್ನು ವಿಂಗಡಿಸಿ ಪ್ರತಿ ಸೋಮವಾರ ಬೆಳಗ್ಗೆ ವಾರದ ವರದಿ ಕಳಿಸುವುದು ಒಂದು. ಹೊಸದಾಗಿ ತಯಾರಾಗುತ್ತಿದ್ದ ನೋಂದಣಿ ಫಾರ್ಮನ್ನು ಪರೀಕ್ಷಿಸಿ ದೋಷಗಳನ್ನು ದಾಖಲಿಸುವುದು ಇನ್ನೊಂದು. 17 ಸೋಮವಾರ. ಅಂದರೆ ಪತ್ರಿಕೆ ಮತ್ತು ವರದಿ ಒಂದೇ ಬೆಳಗ್ಗೆ.

ಮೇಡಂಗೆ ಹೇಳುವ ಮುನ್ನ ನನ್ನ ಗಂಟೆಗಳನ್ನು ನಾನೇ ಲೆಕ್ಕ ಹಾಕಿದೆ. ಪರೀಕ್ಷೆಯ ದಿನಗಳನ್ನು ಮಾತ್ರ ಕಳೆದರೆ ಆ ಲೆಕ್ಕ ನಿಲ್ಲುವುದಿಲ್ಲ, ಏಕೆಂದರೆ ಪತ್ರಿಕೆಯ ಹಿಂದಿನ ದಿನವೂ ಕೆಲಸಕ್ಕೆ ಸಿಗುವುದಿಲ್ಲ. ರೆಕಾರ್ಡ್ ಪುಸ್ತಕಕ್ಕೆ ಸಹಿ ಹಾಕಿಸುವುದು, ವೈವಾಗೆ ಸರದಿಯಲ್ಲಿ ಕಾಯುವುದು ಇವೂ ಅರ್ಧ ದಿನ ನುಂಗುತ್ತವೆ. ಮೂರು ಗಂಟೆ ಬರೆದು ಬಂದ ಸಂಜೆ ಕೂತು ಕೆಲಸ ಮುಗಿಸುತ್ತೇನೆ ಎಂಬ ಮಾತನ್ನು ಯಾರೂ ಕೊಡಬಾರದು ಎಂದು ನನಗನ್ನಿಸುತ್ತದೆ. ಆ ಹೊತ್ತಿನಲ್ಲಿ ವರದಿಯ ಸಾಲುಗಳನ್ನು ಕಣ್ಣು ನೋಡುತ್ತದೆ, ತಪ್ಪು ಮಾತ್ರ ಹಿಡಿಯುವುದಿಲ್ಲ. ಇವನ್ನೆಲ್ಲ ಕಳೆದ ಮೇಲೆ ಪ್ರಾಕ್ಟಿಕಲ್ ವಾರದಲ್ಲಿ 10 ಗಂಟೆ, ಅದರ ಮುಂದಿನ ವಾರ 8, ಕೊನೆಯ ಎರಡು ವಾರ ತಲಾ 4 ಗಂಟೆ ಉಳಿಯಿತು. 80 ಗಂಟೆ ಮಾಡಬೇಕಾದಲ್ಲಿ 26 ಮಾತ್ರ; ಕೊರತೆ 54.

ಬಹಳಷ್ಟು ಜನ ಗಮನಿಸದೆ ಬಿಡುವುದು ಈ ಕೊರತೆಯನ್ನೇ. ನಮ್ಮ ಕಾಲೇಜು ಇಂಟರ್ನ್‌ಶಿಪ್ ಕ್ರೆಡಿಟ್‌ಗೆ ಒಟ್ಟು 240 ಗಂಟೆ ಕೇಳಿತ್ತು. ಪರೀಕ್ಷೆಗೆಂದು ಮೇಡಂ ಒಪ್ಪಿ ರಜೆ ಕೊಟ್ಟರೂ ಗಂಟೆ ತುಂಬದಿದ್ದರೆ ಪ್ರಮಾಣಪತ್ರದಲ್ಲಿ ಆ ಸಂಖ್ಯೆ ಬರುವುದಿಲ್ಲ. ಸ್ಟೈಪೆಂಡ್ ಕೂಡ ಗಂಟೆಯ ಲೆಕ್ಕದಲ್ಲಿದ್ದುದರಿಂದ ಆ ತಿಂಗಳು ಕಡಿಮೆಯಾಗುವುದು ಗೊತ್ತಿದ್ದ ವಿಷಯ. ಪರೀಕ್ಷೆ ಮುಗಿದ ಮೇಲೆ ನಮಗೆ ರಜೆ. ಆಗ ಮೂರು ವಾರ 20ರ ಬದಲು 38 ಗಂಟೆ ಬಂದರೆ ವಾರಕ್ಕೆ 18ರಂತೆ 54 ಸರಿಹೋಗುತ್ತದೆ, ಮುಗಿಯುವ ದಿನಾಂಕವೂ ಬದಲಾಗುವುದಿಲ್ಲ. ಹಾಗೆ ಹೆಚ್ಚು ಗಂಟೆ ಬರಲು ಕಂಪನಿಯ ನಿಯಮ ಬಿಡುತ್ತದೆಯೇ ಎನ್ನುವುದನ್ನು ಸಂದೇಶದಲ್ಲೇ ಕೇಳಿದೆ.

ಬುಧವಾರ ಬೆಳಗ್ಗೆ ಮೇಡಂ ಹತ್ತಿರ ಎರಡು ಮಾತಿನಲ್ಲಿ ವಿಷಯ ಹೇಳಿ, ವಿವರ ಮೇಲ್‌ನಲ್ಲಿ ಕಳಿಸುತ್ತೇನೆ ಎಂದೆ. ಬಾಯಲ್ಲಿ ಹೇಳಿದ್ದು ಸಭೆಯ ಹೊತ್ತಿಗೆ ನೆನಪಿರುತ್ತದೆ ಎಂದು ನಂಬುವಂತಿಲ್ಲ. ಅವರ ತಲೆಯಲ್ಲಿ ಇಡೀ ತಂಡದ ದಿನಾಂಕಗಳಿರುತ್ತವೆ. ಬರೆದ ಮೇಲ್ ಹೀಗಿತ್ತು:

"ನಮಸ್ಕಾರ ಮೇಡಂ. ಮುಂದಿನ ತಿಂಗಳು ನನ್ನ ಸೆಮಿಸ್ಟರ್ ಪರೀಕ್ಷೆ ಇದೆ. ಥಿಯರಿ 12, 17, 20, 25, 28ರಂದು. ಇದು ತಾತ್ಕಾಲಿಕ ಪಟ್ಟಿ, ಬದಲಾದರೆ ಅದೇ ದಿನ ತಿಳಿಸುತ್ತೇನೆ. 3ರಿಂದ 7ರೊಳಗೆ ಎರಡು ದಿನ ಪ್ರಾಕ್ಟಿಕಲ್ ಇರುತ್ತದೆ, ಯಾವ ದಿನ ಎಂದು ಇನ್ನೂ ಹೇಳಿಲ್ಲ. ಹಾಗಾಗಿ ಆ ವಾರ ಗಡುವಿರುವ ಕೆಲಸ ನನಗೆ ಬೇಡ ಎಂದು ಕೋರುತ್ತೇನೆ. ನಾಲ್ಕು ವಾರಗಳಲ್ಲಿ ಕ್ರಮವಾಗಿ 10, 8, 4, 4 ಗಂಟೆ ಕೊಡಬಲ್ಲೆ. 3 ಮತ್ತು 10ರ ವರದಿ ನಾನೇ ಕಳಿಸುತ್ತೇನೆ. 17ರದ್ದನ್ನು ಬೇರೆಯವರು ಮಾಡಬೇಕಾಗುತ್ತದೆ, ಅದರ ವಿಧಾನ ಬರೆದು ಅದಕ್ಕೂ ಮೊದಲೇ ಒಬ್ಬರಿಗೆ ಹೇಳಿಕೊಡುತ್ತೇನೆ. ಫಾರ್ಮ್ ಪರೀಕ್ಷಿಸುವ ಕೆಲಸದಲ್ಲಿ ಮೊದಲ ಎರಡು ಪುಟ 7ರೊಳಗೆ ಮುಗಿಸಬಲ್ಲೆ, ಮೂರನೆಯದು ಆಗುವುದಿಲ್ಲ. ಕಡಿಮೆಯಾಗುವ 54 ಗಂಟೆಗಳನ್ನು ಪರೀಕ್ಷೆಯ ನಂತರ ಮೂರು ವಾರ, ವಾರಕ್ಕೆ 38 ಗಂಟೆಯಂತೆ ಬಂದು ತುಂಬಿಸಬಹುದೇ? ವರದಿಯನ್ನು ಯಾರಿಗೆ ಹೇಳಿಕೊಡಲಿ ಎಂದು ಶುಕ್ರವಾರದ ಸಭೆಯಲ್ಲಿ ತಿಳಿಸಿದರೆ ಅನುಕೂಲ."

ಇದರಲ್ಲಿ ಕ್ಷಮೆ ಕೇಳುವ ಮಾತಿಲ್ಲ. ಪರೀಕ್ಷೆ ಎಷ್ಟು ಕಷ್ಟ ಎಂಬ ವಿವರಣೆಯೂ ಇಲ್ಲ. ಮೇಲ್ವಿಚಾರಕರು ನಮ್ಮ ಓದಿಗೆ ಅಡ್ಡ ಬರುವುದು ಅಪರೂಪ. ಅವರಿಗೆ ಬೇಕಿರುವುದು ಯಾವ ಕೆಲಸ ಆಗುತ್ತದೆ, ಯಾವುದು ಆಗುವುದಿಲ್ಲ ಎಂಬ ಉತ್ತರ. "ಎಕ್ಸಾಮ್ ಇದೆ ಮೇಡಂ, ಸ್ವಲ್ಪ ಬಿಜಿ ಇರ್ತೀನಿ" ಎಂದಷ್ಟೇ ಹೇಳಿದರೆ ಅವರು ಒಂದೋ ಎಲ್ಲ ಕೆಲಸವನ್ನೂ ನಮ್ಮಿಂದ ತೆಗೆಯುತ್ತಾರೆ, ಇಲ್ಲವೇ ಎಲ್ಲವನ್ನೂ ನಮ್ಮ ಹೆಸರಲ್ಲೇ ಬಿಡುತ್ತಾರೆ. ಮೂರನೆಯ ಪುಟ ಆಗುವುದಿಲ್ಲ ಎಂದು ನೇರವಾಗಿ ಬರೆಯಲು ಕೈ ಹಿಂದೆಮುಂದೆ ನೋಡಿತ್ತು. ಮೇಡಂ ಅದಕ್ಕೆ ಬೇಸರಪಟ್ಟುಕೊಳ್ಳಲಿಲ್ಲ, ಸಭೆಯಲ್ಲಿ ಅದನ್ನು ಇನ್ನೊಬ್ಬರ ಹೆಸರಿಗೆ ಬರೆದು ಮುಂದಿನ ವಿಷಯಕ್ಕೆ ಹೋದರು. ಹೆಚ್ಚು ಗಂಟೆಯ ಕೋರಿಕೆಗೂ ಒಪ್ಪಿಗೆ ಬಂತು. ಆದರೆ ಕಾಲೇಜಿನ ಇಂಟರ್ನ್‌ಶಿಪ್ ನೋಡಿಕೊಳ್ಳುವ ಪ್ರಾಧ್ಯಾಪಕರಿಂದ ಒಂದು ಸಾಲಿನ ಸಮ್ಮತಿ ತರಿಸು ಎಂದರು. ತರಿಸಿದೆ.

ಹೇಳಿದ್ದು ನಿಜಕ್ಕೂ ತಲುಪಿದೆಯೇ ಎಂದು ತಿಳಿಯಲು ನಾನು ಎರಡು ಕಡೆ ನೋಡುತ್ತೇನೆ: ಕೆಲಸದ ಪಟ್ಟಿಯಲ್ಲಿ ಹೆಸರು ಬದಲಾಗಿದೆಯೇ, ಮತ್ತು ಪರೀಕ್ಷೆಯ ದಿನಕ್ಕೆ ನನ್ನ ಕ್ಯಾಲೆಂಡರಿನಲ್ಲಿ ಸಭೆಯ ಆಹ್ವಾನ ಬಂದಿದೆಯೇ. 20ನೆಯ ತಾರೀಖಿಗೆ ಒಂದು ಆಹ್ವಾನ ಬಂದಿತ್ತು. ಅದನ್ನು ಸುಮ್ಮನೆ ನಿರಾಕರಿಸುವ ಬದಲು, ಅಂದು ಪತ್ರಿಕೆ ಇದೆ, ನನ್ನ ಕಡೆಯ ವಿಷಯವನ್ನು 19ರೊಳಗೆ ಬರೆದು ಕಳಿಸುತ್ತೇನೆ ಎಂದು ಉತ್ತರಿಸಿದೆ. ಆಹ್ವಾನ ಕಳಿಸಿದವರು ಬೇರೆ ತಂಡದವರು, ಅವರಿಗೆ ವಿಷಯವೇ ಗೊತ್ತಿರಲಿಲ್ಲ.

ವರದಿಯನ್ನು ಜೊತೆಯ ಇಂಟರ್ನ್ ಒಬ್ಬರಿಗೆ ವಹಿಸಿದರು. ಫೈಲ್ ಎಲ್ಲಿದೆ, ಯಾವ ಕ್ರಮದಲ್ಲಿ ಏನು ಮಾಡಬೇಕು, ಯಾರಿಗೆ ಕಳಿಸಬೇಕು ಎಂದು ಒಂದು ಪುಟದಲ್ಲಿ ಬರೆದುಕೊಟ್ಟೆ. ಸರಿಯಾಗಿದೆ ಎಂದು ತಿಳಿಯುವ ಗುರುತನ್ನೂ ಸೇರಿಸಿದೆ: ವಿಂಗಡಿಸಿದ ಗುಂಪುಗಳ ಮೊತ್ತ ಆ ವಾರ ಬಂದ ಒಟ್ಟು ದೂರುಗಳ ಸಂಖ್ಯೆಗೆ ಸಮ ಇರಬೇಕು. ಬರೆದುಕೊಟ್ಟರೆ ಕೆಲಸ ಮುಗಿಯುವುದಿಲ್ಲ. 10ರ ವರದಿಯನ್ನು ಅವರ ಕೈಯಿಂದಲೇ ಮಾಡಿಸಿ, ಪಕ್ಕದಲ್ಲಿ ಬಾಯಿ ಮುಚ್ಚಿಕೊಂಡು ಕೂತೆ. ಒಂದೇ ದೂರು ಎರಡು ಸಲ ದಾಖಲಾಗಿದ್ದರೆ ಅದನ್ನು ಮೊದಲು ತೆಗೆಯಬೇಕೋ ದಿನಾಂಕದ ಫಿಲ್ಟರ್ ಹಾಕಿದ ಮೇಲೋ ಎಂದು ಅವರು ನಿಂತರು. ಹಿಂದಿನ ವಾರ ಬಂದ ದೂರು ಈ ವಾರ ಮತ್ತೆ ದಾಖಲಾಗಿದ್ದರೆ, ಫಿಲ್ಟರ್ ಹಾಕಿದ ಮೇಲೆ ಅದು ಹೊಸ ದೂರಿನಂತೆಯೇ ಕಾಣುತ್ತದೆ. ಆದ್ದರಿಂದ ಮೊದಲೇ ತೆಗೆಯಬೇಕು. ಆ ಸಾಲನ್ನು ಅಲ್ಲೇ ಪುಟಕ್ಕೆ ಸೇರಿಸಿದೆವು. ಈ ಪ್ರಶ್ನೆ 17ರ ಬೆಳಗ್ಗೆ ಬಂದಿದ್ದರೆ ನನ್ನ ಫೋನ್ ಪರೀಕ್ಷಾ ಕೊಠಡಿಯ ಹೊರಗಿರುತ್ತಿತ್ತು.

ಪ್ರಾಕ್ಟಿಕಲ್ 4 ಮತ್ತು 6ಕ್ಕೆ ಬಿತ್ತು. ಗಡುವಿನ ಕೆಲಸ ಯಾವುದೂ ಇಲ್ಲದ್ದರಿಂದ ದಿನಾಂಕ ತಿಳಿಸುವುದಷ್ಟೇ ಉಳಿದಿತ್ತು. 14ರ ಸಭೆಗೆ ನಾನು ಹೋಗಲಿಲ್ಲ, ಮುಂದಿನ ಎರಡು ವಾರಕ್ಕೆ ತಲಾ 4 ಗಂಟೆ ಎನ್ನುವುದನ್ನು ಹಿಂದಿನ ದಿನವೇ ಮತ್ತೊಮ್ಮೆ ಬರೆದು ಕಳಿಸಿದ್ದೆ. ಅಂತಿಮ ವೇಳಾಪಟ್ಟಿ ಬಂದಾಗ 25ರ ಪತ್ರಿಕೆ ಒಂದು ದಿನ ಹಿಂದಕ್ಕೆ, 24ಕ್ಕೆ ಬಂದಿತ್ತು. ಅದೂ ಸೋಮವಾರ, ಮತ್ತೆ ವರದಿಯ ದಿನ. ಪಟ್ಟಿ ಬಂದ ಸಂಜೆಯೇ ಮೇಡಂಗೂ ಆ ಇಂಟರ್ನ್‌ಗೂ ಒಟ್ಟಿಗೆ ಬರೆದೆ: "ಒಂದು ಪತ್ರಿಕೆ 25ರಿಂದ 24ಕ್ಕೆ ಬದಲಾಗಿದೆ. 24ರ ವರದಿಯೂ ನನ್ನಿಂದ ಆಗುವುದಿಲ್ಲ. ಉಳಿದ ದಿನಾಂಕಗಳು ಮೊದಲಿನಂತೆಯೇ ಇವೆ." ಕೊನೆಯ ವಾಕ್ಯ ಬಿಟ್ಟಿದ್ದರೆ ಓದುವವರು ಹಳೆಯ ಮೇಲ್ ತೆಗೆದು ಎಲ್ಲವನ್ನೂ ಮತ್ತೆ ಹೋಲಿಸಿ ನೋಡಬೇಕಾಗುತ್ತಿತ್ತು. ವಿಧಾನ ಆಗಲೇ ಕಲಿತಿದ್ದ ಆ ಇಂಟರ್ನ್ "ನಾನೇ ಮಾಡ್ತೀನಿ, ನೀವು ಓದ್ಕೊಳ್ಳಿ" ಎಂದು ಉತ್ತರಿಸಿದರು.

ಎಲ್ಲ ಕೆಲಸಕ್ಕೂ ಈ ಕ್ರಮ ಹೊಂದುವುದಿಲ್ಲ. ಸಹಾಯವಾಣಿಯಂತೆ ನಿಗದಿತ ಶಿಫ್ಟಿನಲ್ಲಿ ಕೂರಲೇಬೇಕಾದ ಕಡೆ ಗಂಟೆ ಕಡಿಮೆ ಮಾಡಿಕೊಳ್ಳಲು ಬರುವುದಿಲ್ಲ, ಶಿಫ್ಟನ್ನೇ ಅದಲುಬದಲು ಮಾಡಿಕೊಳ್ಳಬೇಕು. ಅಂಥಲ್ಲಿ ಕೆಲಸ ಹಂಚುವ ಸಭೆಯ ಜಾಗದಲ್ಲಿ ಶಿಫ್ಟ್ ಪಟ್ಟಿ ಸಿದ್ಧವಾಗುವ ದಿನ ಇರುತ್ತದೆ. ಅಲ್ಲಿ ಕೆಲಸ ಮಾಡಿದ ನನ್ನ ಸ್ನೇಹಿತೆಯೊಬ್ಬಳು ಬದಲಿಗೆ ಬರಲು ಒಪ್ಪಿದವರ ಹೆಸರನ್ನೂ ಸೇರಿಸಿಯೇ ಮೇಲ್ವಿಚಾರಕರಿಗೆ ಬರೆಯುತ್ತಿದ್ದಳು. ಬರೀ ರಜೆ ಕೇಳಿದವರಿಗಿಂತ ಅವಳಿಗೆ ಬೇಗ ಒಪ್ಪಿಗೆ ಸಿಗುತ್ತಿತ್ತು.

28ರ ಪತ್ರಿಕೆ ಶುಕ್ರವಾರ ಮುಗಿಯಿತು. ಸೋಮವಾರದಿಂದ 38 ಗಂಟೆಯ ಲೆಕ್ಕಕ್ಕೆ ಬರುತ್ತೇನೆ, ವರದಿ ಮತ್ತೆ ನನ್ನದೇ ಎಂದು ಅಂದೇ ಬರೆದೆ. ಇಲ್ಲದಿದ್ದರೆ ಇಬ್ಬರೂ ವರದಿ ಮಾಡುವ ಅಥವಾ ಇಬ್ಬರೂ ಮಾಡದಿರುವ ಸಾಧ್ಯತೆ ಇತ್ತು. ಮುಂದೆ ಇನ್ನೊಂದು ಕಡೆ ಇಂಟರ್ನ್‌ಶಿಪ್‌ಗೆ ಸೇರಿದಾಗ ಮೊದಲ ವಾರದಲ್ಲೇ ಮೇಲ್ವಿಚಾರಕರನ್ನು ಕೇಳಿದೆ: "ಸರ್, ಮುಂದಿನ ಕೆಲಸ ಯಾವ ದಿನ ಹಂಚುತ್ತೀರಿ? ನನ್ನ ಇಂಟರ್ನಲ್ಸ್ ದಿನಾಂಕಗಳನ್ನು ಅದಕ್ಕೆ ಮುಂಚೆ ಕಳಿಸ್ತೀನಿ." ಅಲ್ಲಿ ತಿಂಗಳಿಗೊಮ್ಮೆ, ಮೊದಲ ಸೋಮವಾರ ಹಂಚುತ್ತಿದ್ದರು. ಹಾಗಾಗಿ ನನ್ನ ಗಡುವು ಹಿಂದಿನ ತಿಂಗಳ ಕೊನೆಯ ವಾರಕ್ಕೆ ಬಂತು.