ಬಿಟ್ಟ ಕಂಪನಿ ಬಗ್ಗೆ ರಿವ್ಯೂ ಬರೆದಾಗ ನಾನು ತೂಗಿ ನೋಡಿದ ಮಾತುಗಳು

ಬಿಟ್ಟ ಕಂಪನಿ ಬಗ್ಗೆ ಒಂದು ಸೈಟಿನಲ್ಲಿ ರಿವ್ಯೂ ಹಾಕಬೇಕು, ಆದರೆ ಮಾನಹಾನಿ ಕೇಸಿಗೆ ಸಿಕ್ಕಿಕೊಳ್ಳಬಾರದು ಅಂತಿತ್ತು. ಕೆಲಸ ಬಿಟ್ಟ ಮೇಲೆ ಮೊದಲು ತೆಗೆದು ಓದಿದ್ದು ಆಫರ್ ಲೆಟರ್ ಮತ್ತು ಬಿಡುವಾಗ ಸಹಿ ಹಾಕಿದ ಕಾಗದ. ಕಂಪನಿ ಬಗ್ಗೆ ಕೆಟ್ಟದಾಗಿ ಮಾತಾಡುವುದಿಲ್ಲ ಅಂತ ಕೆಲವು ಕಡೆ ಬರೆಸಿಕೊಂಡಿರುತ್ತಾರೆ. ಅದಿದ್ದರೆ ನಿಜ ಬರೆದರೂ ಒಪ್ಪಂದ ಮುರಿದ ಹಾಗೆ ಆಗಬಹುದು. ನನ್ನ ಕಾಗದದಲ್ಲಿ ಅದು ಇರಲಿಲ್ಲ. ಬಾಕಿ ಹಣ ಕೈಗೆ ಬರುವವರೆಗೂ ಸುಮ್ಮನಿದ್ದೆ.

ಸಿಟ್ಟಿಗೆ ಒಂದು ಕರಡು ಬರೆದಿಟ್ಟುಕೊಂಡೆ, ನನಗಾಗಿ ಮಾತ್ರ. ಅದರಲ್ಲಿ ಒಂದು ಸಾಲು: ‘ಮ್ಯಾನೇಜರ್ ಕಳ್ಳ, ನಮ್ಮ ಓವರ್‌ಟೈಮ್ ದುಡ್ಡು ನುಂಗಿದ.’ ಕಳ್ಳ ಅಂದರೆ ಅಪರಾಧದ ಆರೋಪ. ಸಾಬೀತು ಮಾಡು ಅಂದರೆ ನನ್ನ ಹತ್ತಿರ ಏನಿದೆ? ದುಡ್ಡು ಬರಲಿಲ್ಲ ಅನ್ನೋದು ಗೊತ್ತು, ಅದು ಯಾರ ಜೇಬಿಗೆ ಹೋಯ್ತು ಅಂತ ಗೊತ್ತಿಲ್ಲ. ‘ನುಂಗಿದ’ ಅನ್ನೋದೂ ಹೋಗಬೇಕಾಯ್ತು. ‘ನಮ್ಮ’ ಅನ್ನೋದೂ ಸಹ, ಬೇರೆಯವರ ಪೇಸ್ಲಿಪ್ ನಾನು ನೋಡಿಲ್ಲ ಅಲ್ವಾ?

ಕೊನೆಗೆ ಹಾಕಿದ್ದು ಹೀಗಿತ್ತು: ‘ನನ್ನ ಕೊನೆಯ ತಿಂಗಳುಗಳ ಓವರ್‌ಟೈಮ್ ಹಣ ಸಂಬಳದ ಜೊತೆ ಬರಲಿಲ್ಲ. ಮೇಲ್ ಮಾಡಿ ಕೇಳಿದೆ, ಉತ್ತರ ಸಿಗಲಿಲ್ಲ. ಬಿಡುವಾಗ ಮತ್ತೆ ಕೇಳಿದ ಮೇಲೆ ಕೊಟ್ಟರು.’ ಪ್ರತಿ ವಾಕ್ಯಕ್ಕೂ ನನ್ನ ಪೇಸ್ಲಿಪ್ಪೋ ಮೇಲೋ ಇದೆ. ಕೊನೆಗೆ ಹಣ ಕೊಟ್ಟರು ಅನ್ನೋದನ್ನು ಬಿಟ್ಟಿದ್ದರೆ ಉಳಿದದ್ದೆಲ್ಲ ನಿಜವಾದರೂ ಓದುವವರು ತಪ್ಪು ತಿಳಿದುಕೊಳ್ಳುತ್ತಿದ್ದರು. ಅರ್ಧ ನಿಜವನ್ನೂ ವಕೀಲರು ಸುಮ್ಮನೆ ಬಿಡುವುದಿಲ್ಲ. ಸಾಕ್ಷಿಗೆ ಅಂತ ಕಂಪನಿಯ ಫೈಲುಗಳನ್ನು ಮನೆಗೆ ತರೋದು ಮಾತ್ರ ಬೇಡ, ಅದು ಇನ್ನೊಂದು ತಲೆನೋವು.

ತುಂಬಾ ಜನ ನಂಬಿಕೊಂಡಿರುವ ಒಂದು ಮಾತಿದೆ: ಮುಂದೆ ‘ನನ್ನ ಅಭಿಪ್ರಾಯದಲ್ಲಿ’ ಸೇರಿಸಿದರೆ ಸಾಕು ಅಂತ. ಸಾಲದು. ‘ನನ್ನ ಅಭಿಪ್ರಾಯದಲ್ಲಿ ಇವರು ಲೆಕ್ಕ ತಿದ್ದುತ್ತಾರೆ’ ಅನ್ನೋದು ಆಗಲೂ ಆರೋಪವೇ. ‘ರಾತ್ರಿ ಹನ್ನೊಂದಕ್ಕೆ ಮೆಸೇಜ್ ಬರುತ್ತಿತ್ತು, ಬೆಳಗ್ಗೆ ಯಾಕೆ ಉತ್ತರಿಸಲಿಲ್ಲ ಅಂತ ಕೇಳುತ್ತಿದ್ದರು. ನನಗೆ ಇದು ಉಸಿರುಗಟ್ಟಿಸುವ ಜಾಗ ಅನ್ನಿಸಿತು’ ಅನ್ನೋದು ಬೇರೆ. ಇಲ್ಲಿ ಮೊದಲು ನಡೆದದ್ದು, ಆಮೇಲೆ ಅನ್ನಿಸಿದ್ದು. ಅನ್ನಿಸಿಕೆ ಯಾವುದರ ಮೇಲೆ ನಿಂತಿದೆ ಅಂತ ಓದುವವರಿಗೇ ಕಾಣುತ್ತದೆ.

ಸಹೋದ್ಯೋಗಿಯೊಬ್ಬರು ಹೇಳಿದ ಕಿರುಕುಳದ ಕಥೆಯನ್ನು ಹಾಕಲಿಲ್ಲ. ನಂಬಿಕೆ ಇಲ್ಲದೆ ಅಲ್ಲ, ಅದು ಅವರ ಕಥೆ, ನಾನು ಕಣ್ಣಾರೆ ಕಂಡದ್ದಲ್ಲ. ಮ್ಯಾನೇಜರ್ ಹೆಸರನ್ನೂ ಬರೆಯಲಿಲ್ಲ. ಆದರೆ ಹೆಸರು ಬಿಟ್ಟರಷ್ಟೇ ಆಗುವುದಿಲ್ಲ. ‘ಡಿಸೈನ್ ಟೀಮಿನ ಮುಖ್ಯಸ್ಥರು’ ಅಂದರೆ ಇರೋದೇ ಒಬ್ಬರು. ಅದನ್ನು ‘ಮೇಲಿನವರು’ ಅಂತ ಬದಲಿಸಿದೆ. ನನ್ನ ಹುದ್ದೆ, ಸೇರಿದ ವರ್ಷವನ್ನೂ ತುಂಬಲಿಲ್ಲ. ಹಾಗಂತ ಅನಾಮಿಕತೆಯನ್ನು ಪೂರ್ತಿ ನಂಬಲೂ ಇಲ್ಲ, ಕೋರ್ಟ್ ಆದೇಶ ಬಂದರೆ ಸೈಟಿನವರು ನನ್ನ ವಿವರ ಕೊಡಬೇಕಾಗಬಹುದು.

ಒಳ್ಳೆಯದೂ ಬರೆದೆ: ಹೊಸಬರಿಗೆ ತರಬೇತಿ ಚೆನ್ನಾಗಿತ್ತು. ಕಂಪನಿಯವರು ರಿವ್ಯೂ ಕೆಳಗೆ ‘ಇದು ನಿಜವಲ್ಲ’ ಅಂತ ಉತ್ತರ ಹಾಕಿದರು. ಬೈಯುವ ಆಸೆ ಬಂತು, ಬರೆಯಲಿಲ್ಲ. ಎರಡರದ್ದೂ ಸ್ಕ್ರೀನ್‌ಶಾಟ್ ತೆಗೆದು ಪೇಸ್ಲಿಪ್‌ಗಳ ಫೋಲ್ಡರಿಗೆ ಹಾಕಿದೆ.