ದಾಲ್ ಮಿಲ್ ಪಾಲು: ಇಬ್ಬರ ಲೆಕ್ಕವೂ ಪ್ರಾಮಾಣಿಕ, ಆದರೂ ಕೂಡಲಿಲ್ಲ

ಕಲಬುರಗಿಯಲ್ಲಿ ನಾನು ವಕೀಲ. ಕೋರ್ಟಿನಿಂದ ಬರುವ ಕೇಸುಗಳಿಗೆ ಮಧ್ಯಸ್ಥಿಕೆದಾರನಾಗಿಯೂ ಕೂರುತ್ತೇನೆ. ಇಲ್ಲಿ ಹೇಳುವುದು ತೊಗರಿ ಬೇಳೆ ಮಿಲ್ಲಿನ ಇಬ್ಬರು ಪಾಲುದಾರರ ಜಗಳ. ಗುರುತು ಸಿಗದಂತೆ ಮೊತ್ತ ಬದಲಿಸಿದ್ದೇನೆ.

ಸಾಲವೆಲ್ಲ ತೀರಿಸಿದ ಮೇಲೆ ಉಳಿದದ್ದು 60 ಲಕ್ಷ. ಹಣ ಹಾಕಿದವರು 48 ಕೇಳಿದರು, ಮಿಲ್ ನಡೆಸಿದವರು 36. ಕೂಡಿಸಿದರೆ 84!

ಮೊದಲು ಇಬ್ಬರನ್ನೂ ಬೇರೆ ಬೇರೆ ಕೂರಿಸಿ ಮಾತಾಡಿದೆ. ನಡೆಸಿದವರಿಗೆ ಸೀಸನ್ನಿನ ರಾತ್ರಿಗಳು, ಕರೆಂಟ್ ಹೋದಾಗಿನ ಪರದಾಟ, ಹಮಾಲರ ಜೊತೆಗಿನ ಗುದ್ದಾಟ ಎಲ್ಲಾ ನೆನಪಿತ್ತು. ಹಣ ಹಾಕಿದವರಿಗೆ ಹೆಂಡತಿಯ ಬಂಗಾರ ಅಡ ಇಟ್ಟದ್ದು, ಕಟ್ಟಿದ ಬಡ್ಡಿ. "ನಾ ಏನ್ ಸುಳ್ಳ ಹೇಳಾಕತ್ತೀನೇನ್ರಿ ಸಾಹೇಬ್ರ?" ಎಂದರು. ಸುಳ್ಳಲ್ಲ. ನಾವು ಪಟ್ಟ ಪಾಡು ಒಂದೊಂದೂ ನೆನಪಿರುತ್ತದೆ, ಎದುರಿನವರದು ನಮ್ಮ ಕಣ್ಣಿಗೇ ಬಿದ್ದಿರುವುದಿಲ್ಲ.

ಅಮೆರಿಕದಲ್ಲಿ ಅರ್ಥಶಾಸ್ತ್ರಜ್ಞರಾದ ಲಿಂಡಾ ಬ್ಯಾಬ್‌ಕಾಕ್, ಜಾರ್ಜ್ ಲೋವೆನ್‌ಸ್ಟೈನ್ ಮತ್ತು ಅವರ ಸಂಗಡಿಗರು 1990ರ ದಶಕದಲ್ಲಿ ಇದನ್ನೇ ಪರೀಕ್ಷಿಸಿದರು. ಒಂದೇ ಅಪಘಾತ ಕೇಸಿನ ಕಾಗದವನ್ನು ಎರಡೂ ಕಡೆಯವರಿಗೆ ಕೊಟ್ಟು, ಜಡ್ಜ್ ಎಷ್ಟು ಕೊಡಿಸಬಹುದು ಎಂದು ಕೇಳಿದರು. ಸರಿಯಾಗಿ ಊಹಿಸಿದರೆ ಬಹುಮಾನವಿತ್ತು. ಆದರೂ ಪರಿಹಾರ ಕೇಳುವ ಪಾತ್ರ ಸಿಕ್ಕವರ ಊಹೆ ಜಾಸ್ತಿಯೇ ಬಂತು. ಇಂಥ ಪಕ್ಷಪಾತ ಇರುತ್ತದೆ ಎಂದು ಮೊದಲೇ ತಿಳಿಸಿದ್ದೂ ಉಪಯೋಗಕ್ಕೆ ಬರಲಿಲ್ಲ. ಅದು ಎದುರಿನವರಲ್ಲಿದೆ ಅಂದುಕೊಂಡರು, ತಮ್ಮಲ್ಲಿ ಅಲ್ಲ. ಆದರೆ ತಮ್ಮದೇ ಕೇಸಿನ ದುರ್ಬಲ ಅಂಶಗಳನ್ನು ಪಟ್ಟಿ ಮಾಡಿಸಿದಾಗ ರಾಜಿ ಆಗುವುದು ಹೆಚ್ಚಿತು.

ನಾನೂ ಅದನ್ನೇ ಮಾಡಿಸಿದೆ. "ಜಡ್ಜ್ ನಿಮ್ಮ ವಿರುದ್ಧ ಏನೇನು ಬರೆಯಬಹುದು? ಮೂರು ಬರೀರಿ. ಕಾಗದ ನಿಮ್ಮ ಹತ್ತಿರಾನೇ ಇರಲಿ."

ನಡೆಸಿದವರು ಸಂಬಳಕ್ಕೆ ಯಾವ ಒಪ್ಪಂದವೂ ಇಲ್ಲ ಎಂದು ಬರೆದರು. 1932ರ ಪಾಲುದಾರಿಕೆ ಕಾಯ್ದೆ ಪ್ರಕಾರ ಒಪ್ಪಂದವಿಲ್ಲದೆ ದುಡಿಮೆಗೆ ಸಂಬಳ ಕೇಳುವಂತಿಲ್ಲ, ಲಾಭ ಸಮ ಪಾಲು. ಹಣ ಹಾಕಿದವರು ತುಂಬಾ ಹೊತ್ತು ಸುಮ್ನೆ ಕೂತು, ಮಗಳ ಮದುವೆಗೆ ಮಿಲ್ಲಿನಿಂದ ತೆಗೆದ 6 ಲಕ್ಷ ಬರೆದರು. ಆಮೇಲೆ ತಾವೇ ನನಗೆ ತೋರಿಸಿದರು.

ಅಲ್ಲಿಂದ ಲೆಕ್ಕ ಸಲೀಸಾಯಿತು. ಆ 6 ಸೇರಿಸಿದರೆ 66. ಬಂಡವಾಳ ಹಣ ಹಾಕಿದವರದು 24, ನಡೆಸಿದವರದು 8. ಅದು ಕಳೆದು ಉಳಿದ 34ರಲ್ಲಿ ತಲಾ 17. ಮೊದಲೇ ತೆಗೆದ 6 ಕಳೆದರೆ ಹಣ ಹಾಕಿದವರಿಗೆ 35, ನಡೆಸಿದವರಿಗೆ 25. ಕೊನೆಗೆ 33 ಮತ್ತು 27ಕ್ಕೆ ಸಹಿ ಬಿತ್ತು. ಕಾನೂನು ಕೊಡಿಸದ ಆ 2 ಲಕ್ಷವನ್ನು ಹಣ ಹಾಕಿದವರೇ ದುಡಿಮೆಗೆಂದು ಬಿಟ್ಟುಕೊಟ್ಟರು.

ಎಲ್ಲ ಕೇಸಿನಲ್ಲೂ ಹೀಗಾಗುವುದಿಲ್ಲ. ಕೆಲವರು 'ನನ್ನ ದುರ್ಬಲ ಅಂಶ' ಎಂಬಲ್ಲಿ "ಅವನನ್ನು ನಂಬಿದ್ದೇ ತಪ್ಪು" ಎಂದು ಬರೆಯುತ್ತಾರೆ. ಅಂಥವರನ್ನು ಅವತ್ತು ಮೊತ್ತದ ಮಾತಿಗೆ ಎಳೆಯುವುದಿಲ್ಲ. ಲೆಕ್ಕದ ಪುಸ್ತಕ ತಂದು ಇನ್ನೊಂದು ದಿನ ಬರಲು ಹೇಳುತ್ತೇನೆ.